ಪೋಸ್ಟ್ ಹಾಕಿದ ಮೇಲೂ ಅಂಕಿಗಳು ಯಾಕೆ ಬದಲಾಗುತ್ತಲೇ ಇರುತ್ತವೆ? ರಿಪೋರ್ಟ್‌ಗೆ ಅವನ್ನು ಯಾವಾಗ ತೆಗೆಯಬೇಕು?

ಸೋಮವಾರ ಎಕ್ಸ್‌ಪೋರ್ಟ್ ಮಾಡಿದಾಗ ಒಂದು ಪೋಸ್ಟ್‌ನ ರೀಚ್ 6,140 ಇತ್ತು, ಲೈಕ್ 312 ಇದ್ದವು ಎಂದುಕೊಳ್ಳಿ. ಬುಧವಾರ ಅದೇ ಪೋಸ್ಟ್ ತೆರೆದರೆ ರೀಚ್ 6,890 ಆಗಿದೆ, ಲೈಕ್ ಮಾತ್ರ 309ಕ್ಕೆ ಇಳಿದಿದೆ. ರಿಪೋರ್ಟ್ ಆಗಲೇ ಕಳಿಸಿಯಾಗಿದೆ. ಅದನ್ನು ಓದಿದವರು ಆ್ಯಪ್ ತೆರೆದು ನೋಡಿ "ನೀವು ಕೊಟ್ಟ ಅಂಕಿ ತಪ್ಪಲ್ಲವೇ?" ಎಂದು ಕೇಳುತ್ತಾರೆ. ಅಂಕಿ ತಪ್ಪಿರಲಿಲ್ಲ. ಅದು ಯಾವ ಹೊತ್ತಿನ ಅಂಕಿ ಎಂಬುದನ್ನು ರಿಪೋರ್ಟ್ ಹೇಳಿರಲಿಲ್ಲ, ಅಷ್ಟೇ.

ಇಲ್ಲಿ ಒಂದೇ ಹೊತ್ತಿಗೆ ಎರಡು ಬಗೆಯ ಬದಲಾವಣೆ ನಡೆಯುತ್ತಿರುತ್ತದೆ. ಎರಡಕ್ಕೂ ಮದ್ದು ಬೇರೆ ಬೇರೆ, ಹಾಗಾಗಿ ಮೊದಲು ಇವನ್ನು ಬಿಡಿಸಿಕೊಳ್ಳಬೇಕು.

ಮೊದಲನೆಯದು ನಿಜವಾದ ಬೆಳವಣಿಗೆ. ಪೋಸ್ಟ್ ಇನ್ನೂ ಜನರ ಕಣ್ಣಿಗೆ ಬೀಳುತ್ತಿದೆ, ಯಾರೋ ಹಂಚಿಕೊಂಡಿದ್ದಾರೆ, ಯಾರೋ ಹುಡುಕಿ ಬಂದಿದ್ದಾರೆ. ಎರಡನೆಯದು ಹಳೆಯ ಲೆಕ್ಕದ ತಿದ್ದುಪಡಿ. ಮೊನ್ನೆಯೇ ನಡೆದ ನೋಟ ಇವತ್ತು ಲೆಕ್ಕಕ್ಕೆ ಸೇರುತ್ತದೆ, ಇಲ್ಲವೇ ಮೊನ್ನೆ ಸೇರಿಸಿದ್ದನ್ನು ಇವತ್ತು ಕಳೆಯುತ್ತಾರೆ. ತಿದ್ದುಪಡಿಗೆ ಒಂದು ಗಡುವು ಇರುತ್ತದೆ, ಕಾದರೆ ಮುಗಿಯುತ್ತದೆ. ಬೆಳವಣಿಗೆಗೆ ಗಡುವೇ ಇಲ್ಲ. ಅಲ್ಲಿ ಎಷ್ಟು ಕಾದರೂ "ಅಂತಿಮ" ಎನ್ನುವ ಅಂಕಿ ಸಿಗುವುದಿಲ್ಲ, ಒಂದು ವಯಸ್ಸನ್ನು ನಾವೇ ಗೊತ್ತುಮಾಡಿಕೊಂಡು ಆ ವಯಸ್ಸಿನಲ್ಲಿ ಅಳೆಯಬೇಕು.

ತಿದ್ದುಪಡಿ ಎಲ್ಲಿಂದ ಬರುತ್ತದೆ

ಫೋನಿನಲ್ಲಿ ಒಬ್ಬರು ಪೋಸ್ಟ್ ನೋಡಿದ ಕ್ಷಣದಲ್ಲೇ ಸರ್ವರಿನಲ್ಲಿ ಒಂದು ಅಂಕಿ ಏರುತ್ತದೆ ಎಂದುಕೊಳ್ಳುವುದು ಸಹಜ. ನಿಜದಲ್ಲಿ ಆ್ಯಪ್ ಇಂಥ ಘಟನೆಗಳನ್ನು ಗುಂಪಾಗಿ ಕಟ್ಟಿ ಕಳಿಸುತ್ತದೆ. ನೆಟ್‌ವರ್ಕ್ ಇಲ್ಲದಿದ್ದರೆ ಅವು ಫೋನಿನಲ್ಲೇ ಉಳಿದು, ಸಂಪರ್ಕ ಸಿಕ್ಕಾಗ ಹೊರಡುತ್ತವೆ. ಹೀಗಾಗಿ ಪ್ರತಿ ನೋಟಕ್ಕೂ ಎರಡು ಸಮಯಗಳಿರುತ್ತವೆ: ಅದು ನಡೆದ ಸಮಯ ಮತ್ತು ಅದು ಲೆಕ್ಕಕ್ಕೆ ಬಂದ ಸಮಯ. ವರದಿ ವ್ಯವಸ್ಥೆ ನಡೆದ ಸಮಯದ ಪ್ರಕಾರ ದಿನವಾರು ಹಂಚುತ್ತದೆಯಾದರೆ, ತಡವಾಗಿ ಬಂದ ನೋಟಗಳು ಹಳೆಯ ದಿನದ ಅಂಕಿಯನ್ನೇ ಏರಿಸುತ್ತವೆ.

ಆಮೇಲೆ ಜರಡಿ ಹಿಡಿಯುವ ಕೆಲಸ. ಬಾಟ್‌ಗಳು, ಒಂದೇ ಕಡೆಯಿಂದ ಪದೇ ಪದೇ ಬರುವ ವಿನಂತಿಗಳು, ದುಡ್ಡು ಕೊಟ್ಟು ಕೊಂಡ ವ್ಯೂಗಳು, ಇವನ್ನೆಲ್ಲ ಸೋಸಿ ತೆಗೆಯಬೇಕು. ಕೆಲವನ್ನು ಬಾಗಿಲಲ್ಲೇ ಹಿಡಿಯಬಹುದು. ಇನ್ನು ಕೆಲವು, ಒಂದೆರಡು ದಿನದ ನಡವಳಿಕೆಯನ್ನು ಒಟ್ಟಿಗೆ ನೋಡಿದಾಗ ಮಾತ್ರ ಬಯಲಾಗುತ್ತವೆ. ಯೂಟ್ಯೂಬ್‌ನಲ್ಲಿ ಈ ಸೋಸುವಿಕೆ ಒಂದು ಕಾಲದಲ್ಲಿ ಎಲ್ಲರಿಗೂ ಕಾಣುತ್ತಿತ್ತು. ವೀಕ್ಷಣೆ 300 ದಾಟಿದ ಕೂಡಲೇ ಎಣಿಕೆ 301ರಲ್ಲಿ ನಿಂತುಬಿಡುತ್ತಿತ್ತು, ಪರಿಶೀಲನೆ ಮುಗಿದ ಮೇಲೆ ಒಮ್ಮೆಗೇ ಸಾವಿರಗಳಿಗೆ ಜಿಗಿಯುತ್ತಿತ್ತು. 2015ರ ಆಗಸ್ಟ್‌ನಲ್ಲಿ ಆ ನಿಲುಗಡೆಯನ್ನು ಕೈಬಿಟ್ಟರು, ಪರಿಶೀಲನೆಯನ್ನು ಬಿಡಲಿಲ್ಲ. ಈಗಲೂ ವ್ಯೂ ಎಣಿಕೆ ಕೆಲಹೊತ್ತು ನಿಧಾನವಾಗುವುದು, ನಿಲ್ಲುವುದು, ಒಮ್ಮೊಮ್ಮೆ ಕಡಿಮೆಯಾಗುವುದು ಉಂಟು.

ಅಂಕಿ ಇಳಿಯಲು ಮೋಸವೇ ನಡೆದಿರಬೇಕು ಎಂದೇನಿಲ್ಲ. ಲೈಕ್ ಒತ್ತಿದವರು ಹಿಂತೆಗೆದುಕೊಳ್ಳಬಹುದು, ಖಾತೆ ಅಳಿಸಿರಬಹುದು, ಕಾಮೆಂಟನ್ನು ತೆಗೆದಿರಬಹುದು. 312 ಲೈಕ್ 309 ಆದರೆ ಅದರ ಹಿಂದೆ ಓಡುವುದು ವ್ಯರ್ಥ. ಆದರೆ ವ್ಯೂ ಅಥವಾ ಫಾಲೋವರ್ ಸಂಖ್ಯೆ ಒಂದೇ ರಾತ್ರಿಯಲ್ಲಿ ಶೇ 10ರಷ್ಟು ಕುಸಿದರೆ ಅದು ಸೋಸುವಿಕೆಯ ಗುರುತು. ಅದಕ್ಕೂ ಹಿಂದಿನ ದಿನಗಳಲ್ಲಿ ಕಾರಣವಿಲ್ಲದ ಏರಿಕೆ ಇತ್ತೇ ಎಂದು ನೋಡಬೇಕು.

ರೀಚ್ ಇದಕ್ಕಿಂತ ತುಸು ಜಟಿಲ, ಏಕೆಂದರೆ ಅದು ಎಷ್ಟು ಸಲ ನೋಡಿದರು ಎಂಬುದಲ್ಲ, ಎಷ್ಟು ಜನ ನೋಡಿದರು ಎಂಬುದು. ಒಬ್ಬರು ಮೂರು ಸಲ ನೋಡಿದ್ದರೆ ಎರಡನ್ನು ಬಿಡಬೇಕು. ಹಾಗಾಗಿ ದಿನದಿನದ ರೀಚ್ ಕೂಡಿಸಿದರೆ ಒಟ್ಟು ರೀಚ್ ಬರುವುದಿಲ್ಲ. ಮೊದಲ ದಿನ 4,800, ಎರಡನೇ ದಿನ 1,500, ಮೂರನೇ ದಿನ 700 ಇದ್ದರೆ ಕೂಡಿದ ಮೊತ್ತ 7,000. ಅವರಲ್ಲಿ 700 ಮಂದಿ ಎರಡೆರಡು ದಿನ ಕಂಡವರಾದರೆ ನಿಜವಾದ ಒಟ್ಟು ರೀಚ್ 6,300. ಇದು ತಿದ್ದುಪಡಿಯಲ್ಲ, ಎರಡು ಬೇರೆ ಪ್ರಶ್ನೆಗಳಿಗೆ ಎರಡು ಬೇರೆ ಉತ್ತರ. ಆದರೂ ರಿಪೋರ್ಟ್‌ಗಳಲ್ಲಿ "ಅಂಕಿ ಹೊಂದುತ್ತಿಲ್ಲ" ಎಂಬ ದೂರಿನ ಹಿಂದೆ ಇದು ಬಹಳ ಸಲ ಇರುತ್ತದೆ. ಇನ್ನೊಂದು ಮಾತು: ಅತಿ ದೊಡ್ಡ ಸಂಖ್ಯೆಯ ಜನರನ್ನು ಬಿಡಿಬಿಡಿಯಾಗಿ ಎಣಿಸುವುದು ದುಬಾರಿಯಾದ್ದರಿಂದ, ಹೈಪರ್‌ಲಾಗ್‌ಲಾಗ್‌ನಂಥ ಅಂದಾಜು ವಿಧಾನಗಳು ಬಳಕೆಯಲ್ಲಿವೆ. ಅದರಲ್ಲಿ 2,048 ಖಾನೆಗಳನ್ನು ಇಟ್ಟುಕೊಂಡರೆ ಸಾಮಾನ್ಯ ದೋಷ ಸುಮಾರು ಶೇ 2.3. ಅಂದಾಜಿನಿಂದ ಬಂದ ಅಂಕಿಯಲ್ಲಿ ಶೇ 1ರ ಅಲುಗಾಟಕ್ಕೆ ಅರ್ಥ ಹುಡುಕಬೇಕಾಗಿಲ್ಲ.

ಇದು ಬೆಳವಣಿಗೆಯೋ ತಿದ್ದುಪಡಿಯೋ?

ಇದನ್ನು ಊಹಿಸಬೇಕಾಗಿಲ್ಲ, ಪರೀಕ್ಷಿಸಬಹುದು. ಆಗಲೇ ಮುಗಿದುಹೋದ ಒಂದು ದಿನವನ್ನು ಆರಿಸಿಕೊಂಡು, ಆ ಒಂದು ದಿನದ ಅಂಕಿಯನ್ನು ಮಾತ್ರ ಬೇರೆ ಬೇರೆ ದಿನ ತೆಗೆಯಿರಿ. ಆ ದಿನ ಮುಗಿದಿದೆ, ಅದರೊಳಗೆ ಹೊಸ ನೋಟ ಹುಟ್ಟಲು ಸಾಧ್ಯವಿಲ್ಲ. ಆದರೂ ಅಂಕಿ ಬದಲಾದರೆ ಅದು ತಿದ್ದುಪಡಿಯೇ. ಬದಲಾಗದೆ ಒಟ್ಟು ಮಾತ್ರ ಏರಿದ್ದರೆ ಅದು ಬೆಳವಣಿಗೆ.

ಎಪಿಐ ಎಂದರೆ ಸ್ಕ್ರಿಪ್ಟ್ ಮೂಲಕ ಅಂಕಿ ಕೇಳಿ ಪಡೆಯುವ ದಾರಿ. ಯೂಟ್ಯೂಬ್ ಅನಾಲಿಟಿಕ್ಸ್ ಎಪಿಐ ದಿನವಾರು ಅಂಕಿ ಕೊಡುವುದರಿಂದ ಅಲ್ಲಿ ಈ ಪರೀಕ್ಷೆ ಸುಲಭ. ಸೆಪ್ಟೆಂಬರ್ 10ರ ಒಂದು ದಿನವನ್ನು ಹೀಗೆ ಕೇಳಬಹುದು:

```
ids=channel==MINE
startDate=2025-09-10
endDate=2025-09-10
metrics=views
dimensions=day
filters=video==VIDEO_ID
```

ಇದನ್ನೇ 11, 12, 13, 14 ಮತ್ತು 17ರಂದು ಒಂದೇ ಹೊತ್ತಿಗೆ ಕೇಳಿ ಉತ್ತರಗಳನ್ನು ಪಕ್ಕಪಕ್ಕ ಬರೆದಿಡಿ. ಮೊದಲಿಗೆ ಉತ್ತರವೇ ಖಾಲಿ ಬರಬಹುದು, ಏಕೆಂದರೆ ವಿವರವಾದ ಅಂಕಿಗಳು ಸಿದ್ಧವಾಗಲು ಒಂದೆರಡು ದಿನ ಹಿಡಿಯುತ್ತದೆ. ಎರಡು ಸತತ ಓದುಗಳಲ್ಲಿ ಅಂಕಿ ಅಲುಗಲಿಲ್ಲ ಎಂದರೆ ಆ ದಿನದ ಲೆಕ್ಕ ನೆಲೆನಿಂತಿತು ಎಂದುಕೊಳ್ಳಬಹುದು. ಐದಾರು ವಿಡಿಯೊಗಳಿಗೆ ಹೀಗೆ ಮಾಡಿದರೆ ನಿಮ್ಮ ಚಾನೆಲ್‌ಗೆ ಎಷ್ಟು ದಿನ ಕಾಯಬೇಕು ಎಂಬುದು ಕಣ್ಣೆದುರೇ ಸಿಗುತ್ತದೆ.

ಈ ಪರೀಕ್ಷೆಯಲ್ಲಿ ಎಡವುವ ಜಾಗ ಒಂದಿದೆ. ಯೂಟ್ಯೂಬ್ ಅನಾಲಿಟಿಕ್ಸ್‌ನಲ್ಲಿ "ದಿನ" ಎಂದರೆ ಅಮೆರಿಕದ ಪೆಸಿಫಿಕ್ ಸಮಯದ ದಿನ. ಅದು ಯುಟಿಸಿ ಲೆಕ್ಕದಲ್ಲಿ ಬೇಸಿಗೆಯಲ್ಲಿ ಬೆಳಿಗ್ಗೆ 7ಕ್ಕೆ, ಚಳಿಗಾಲದಲ್ಲಿ 8ಕ್ಕೆ ಶುರುವಾಗುತ್ತದೆ. ನಿಮ್ಮ ಗಡಿಯಾರದಲ್ಲಿ 11ನೇ ತಾರೀಖು ಬಂದಿದ್ದರೂ ಅಲ್ಲಿ 10 ಇನ್ನೂ ನಡೆಯುತ್ತಿರಬಹುದು. ಮುಗಿಯದ ದಿನವನ್ನು ಮುಗಿದ ದಿನ ಎಂದು ಬಗೆದರೆ ಸಾದಾ ಬೆಳವಣಿಗೆಯೇ ತಿದ್ದುಪಡಿಯಂತೆ ಕಾಣುತ್ತದೆ.

ಇನ್‌ಸ್ಟಾಗ್ರಾಂನಲ್ಲಿ ಹೀಗೆ ಮಾಡಲಾಗುವುದಿಲ್ಲ. ಒಂದು ಪೋಸ್ಟ್‌ನ ಇನ್‌ಸೈಟ್ಸ್ ಕೇಳಿದರೆ ಎಪಿಐ ಕೊಡುವುದು ಹುಟ್ಟಿದಾಗಿನಿಂದ ಈವರೆಗಿನ ಮೊತ್ತವನ್ನು ಮಾತ್ರ. ಏಳನೇ ದಿನ ಎಷ್ಟಿತ್ತು ಎಂದು ಇಪ್ಪತ್ತನೇ ದಿನ ಕೇಳಿದರೆ ಉತ್ತರ ಇಲ್ಲ. ಈ ಲೇಖನದ ಉಳಿದ ಭಾಗವೆಲ್ಲ ಈ ಒಂದು ಸಂಗತಿಯ ಸುತ್ತ ನಿಂತಿದೆ: ದಿನವಾರು ಅಂಕಿ ಸಿಗುವ ಕಡೆ ತಡವಾಗಿ ತೆಗೆದರೂ ನಷ್ಟವಿಲ್ಲ, ಮೊತ್ತ ಮಾತ್ರ ಸಿಗುವ ಕಡೆ ಆ ಹೊತ್ತಿಗೆ ಸರಿಯಾಗಿ ತೆಗೆದಿಡದಿದ್ದರೆ ಆ ಅಂಕಿ ಇನ್ನೆಂದೂ ಸಿಗುವುದಿಲ್ಲ. ಜೊತೆಗೆ, ಅಂಕಿಗಳು 48 ಗಂಟೆಯವರೆಗೆ ತಡವಾಗಬಹುದು ಎಂದು ಇನ್‌ಸ್ಟಾಗ್ರಾಂ ಎಪಿಐಯ ದಾಖಲೆಯೇ ಹೇಳುತ್ತದೆ. ಅಂದರೆ ನೀವು ಏಳನೇ ದಿನ ಓದಿದ್ದು ಐದನೇ ದಿನದ ಸ್ಥಿತಿಯೂ ಇರಬಹುದು.

ತಿಂಗಳ ಕೊನೆಯ ರಿಪೋರ್ಟ್ ಹೇಗೆ ದಾರಿ ತಪ್ಪಿಸುತ್ತದೆ

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಅಂಕಿಗಳು ಲೆಕ್ಕ ತೋರಿಸಲು ಮಾಡಿಕೊಂಡವು. ಸೆಪ್ಟೆಂಬರ್‌ನಲ್ಲಿ ಮೂರು ಪೋಸ್ಟ್‌ಗಳು: ಒಂದು 2ಕ್ಕೆ, ಇನ್ನೊಂದು 15ಕ್ಕೆ, ಮೂರನೆಯದು 29ರ ರಾತ್ರಿ 8ಕ್ಕೆ. ಅಕ್ಟೋಬರ್ 1ರ ಬೆಳಿಗ್ಗೆ 10ಕ್ಕೆ ಮೂರನ್ನೂ ಒಟ್ಟಿಗೆ ಎಕ್ಸ್‌ಪೋರ್ಟ್ ಮಾಡಿದರು. ರೀಚ್ ಅನುಕ್ರಮವಾಗಿ 8,400, 7,900 ಮತ್ತು 5,200. ಮೂರನೆಯದು ಮೊದಲನೆಯದಕ್ಕಿಂತ ಶೇ 38 ಕಡಿಮೆ. "ಈ ಬಗೆಯ ಪೋಸ್ಟ್ ನಮ್ಮವರಿಗೆ ಹಿಡಿಸಲಿಲ್ಲ" ಎಂದು ರಿಪೋರ್ಟ್ ಬರೆಯಿತು.

ಎಕ್ಸ್‌ಪೋರ್ಟ್ ಮಾಡಿದ ಹೊತ್ತಿಗೆ ಮೊದಲ ಪೋಸ್ಟ್‌ಗೆ 29 ದಿನ, ಎರಡನೆಯದಕ್ಕೆ 16 ದಿನ, ಮೂರನೆಯದಕ್ಕೆ ಬರೀ 38 ಗಂಟೆ ವಯಸ್ಸು. 48 ಗಂಟೆಯ ತಡವನ್ನೂ ಲೆಕ್ಕಕ್ಕೆ ತಂದರೆ ಮೂರನೆಯದರ ಅಂಕಿಯಲ್ಲಿ ಎಷ್ಟು ಗಂಟೆಗಳ ನೋಟ ಸೇರಿದೆ ಎಂದು ಹೇಳುವುದೇ ಕಷ್ಟ. ಇದೇ ಮೂರನ್ನು ತಲಾ 10 ದಿನ ತುಂಬಿದಾಗ ತೆಗೆದಿದ್ದರೆ 8,100, 7,760 ಮತ್ತು 8,350 ಎಂದು ಬರುತ್ತಿತ್ತು. "ಸೋತ" ಪೋಸ್ಟ್ ಈಗ ಎಲ್ಲಕ್ಕಿಂತ ಮುಂದಿದೆ.

ಮುಂದಿದೆ ಎಂದೂ ನಾನಾದರೆ ಬರೆಯುವುದಿಲ್ಲ. 8,350ಕ್ಕೂ 8,100ಕ್ಕೂ ಅಂತರ ಶೇ 3. ತಡವಾಗಿ ಬರುವ ಅಂಕಿಗಳ ಅಲುಗಾಟವೇ, ಮುಂದೆ ಲೆಕ್ಕ ಹಾಕುವಂತೆ, ಶೇ 2ರಷ್ಟು ಇರುವಾಗ, ಎರಡೂ ಸರಿಸುಮಾರು ಒಂದೇ ಎಂದು ಬರೆಯುವುದು ಪ್ರಾಮಾಣಿಕ.

ಒಂದೇ ದಿನ ತೆಗೆದ ಅಂಕಿಗಳು ಹೋಲಿಸಲು ಯೋಗ್ಯ ಎಂಬ ನಂಬಿಕೆ ಇಲ್ಲಿ ಕೈಕೊಡುತ್ತದೆ. ಹೋಲಿಕೆಗೆ ಬೇಕಾದದ್ದು ಒಂದೇ ವಯಸ್ಸು, ಒಂದೇ ತಾರೀಖಲ್ಲ.

ಅನುಪಾತಗಳ ಬಲೆ

ಎಂಗೇಜ್‌ಮೆಂಟ್ ರೇಟ್ ಎಂದರೆ ಲೈಕ್, ಕಾಮೆಂಟ್‌ಗಳನ್ನು ರೀಚ್‌ನಿಂದ ಭಾಗಿಸಿದಾಗ ಬರುವ ಶೇಕಡಾ. ಅದು ಒಂದು ಅನುಪಾತವಾದ್ದರಿಂದ ಪೋಸ್ಟ್‌ನ ವಯಸ್ಸು ಅದನ್ನು ಬಾಧಿಸುವುದಿಲ್ಲ ಎಂದು ಕೆಲವರು ಭಾವಿಸುತ್ತಾರೆ. ಬಾಧಿಸುತ್ತದೆ, ಅದೂ ಎರಡು ಕಾರಣಗಳಿಂದ. ಲೈಕ್, ಕಾಮೆಂಟ್ ಬಹುಮಟ್ಟಿಗೆ ಆಗಿಂದಾಗಲೇ ಕಾಣುತ್ತವೆ. ರೀಚ್ ಬಿಡಿ ಜನರನ್ನು ಎಣಿಸಿ ಬರುವುದರಿಂದ ತಡ. ಮೇಲಿನ ಅಂಕಿ ಓಡಿ ಬಂದಿದೆ, ಕೆಳಗಿನದು ಇನ್ನೂ ದಾರಿಯಲ್ಲಿದೆ. ಎರಡನೆಯ ಕಾರಣ, ಮೊದಲ ಗಂಟೆಗಳಲ್ಲಿ ಪೋಸ್ಟ್ ಕಾಣುವುದು ಹೆಚ್ಚಾಗಿ ನಿಮ್ಮನ್ನು ಮೊದಲೇ ಹಿಂಬಾಲಿಸುವ, ಲೈಕ್ ಒತ್ತುವ ರೂಢಿಯಿರುವ ಜನರಿಗೆ. ಆಮೇಲೆ ಕಾಣುವವರಲ್ಲಿ ಅಪರಿಚಿತರೇ ಹೆಚ್ಚು, ಅವರು ನೋಡಿ ಮುಂದೆ ಹೋಗುತ್ತಾರೆ.

ಅದೇ ಮೂರನೇ ಪೋಸ್ಟ್ ತೆಗೆದುಕೊಳ್ಳಿ. 12 ಗಂಟೆಗೆ ಲೈಕ್ 300, ತೋರುವ ರೀಚ್ 3,750, ಅಂದರೆ ರೇಟ್ ಶೇ 8. ಹತ್ತನೇ ದಿನ ಲೈಕ್ 418, ರೀಚ್ 8,350, ರೇಟ್ ಶೇ 5. ಪೋಸ್ಟ್ ಕೆಟ್ಟದ್ದಾಗಲಿಲ್ಲ, ಛೇದ ಬಂದು ಸೇರಿತು. ಮೊದಲ ದಿನದ ಶೇ 8 ನೋಡಿ ಖುಷಿಪಟ್ಟು ಎಲ್ಲರಿಗೂ ಮೆಸೇಜ್ ಕಳಿಸಿದವರು ಹತ್ತನೇ ದಿನ ಶೇ 5ಕ್ಕೆ ವಿವರಣೆ ಕೊಡಬೇಕಾಗುತ್ತದೆ. ಹಾಗಾಗಿ ಮೊದಲ 48 ಗಂಟೆಯಲ್ಲಿ ಯಾವ ಅನುಪಾತವನ್ನೂ ಹಂಚಿಕೊಳ್ಳಬೇಡಿ. ಲೈಕ್, ಕಾಮೆಂಟ್‌ಗಳ ಬಿಡಿ ಸಂಖ್ಯೆ ಹೇಳಿದರೆ ಸಾಕು.

ನಿಮ್ಮ ಖಾತೆಗೆ ಸರಿಯಾದ ವಯಸ್ಸು ಯಾವುದು

"ಏಳು ದಿನ ಕಾಯಿರಿ" ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಕೆಟ್ಟ ಸಲಹೆಯಲ್ಲ, ಆದರೆ ನಿಮ್ಮ ಪೋಸ್ಟ್‌ಗಳಿಗೆ ಹೊಂದುತ್ತದೆಯೇ ಎಂದು ಅಳೆದು ನೋಡಲು ಒಂದೆರಡು ತಿಂಗಳು ಸಾಕು. ಹತ್ತು-ಹನ್ನೆರಡು ಪೋಸ್ಟ್‌ಗಳನ್ನು ಆರಿಸಿ. ಬೂಸ್ಟ್ ಮಾಡಿದವು ಬೇಡ. ಚಿತ್ರದ ಪೋಸ್ಟ್ ಮತ್ತು ರೀಲ್‌ಗಳನ್ನು ಬೆರೆಸಬೇಡಿ, ಅವೆರಡರ ಓಟ ಬೇರೆ. ಪ್ರತಿಯೊಂದಕ್ಕೂ 1, 2, 3, 5, 7, 10, 14 ಮತ್ತು 28 ದಿನ ತುಂಬಿದಾಗ ರೀಚ್ ತೆಗೆಯಿರಿ. ಪ್ರತಿ ಪೋಸ್ಟ್‌ನ 28ನೇ ದಿನದ ಅಂಕಿಯನ್ನು 100 ಎಂದು ಇಟ್ಟುಕೊಂಡು ಉಳಿದವನ್ನು ಅದರ ಶೇಕಡಾವಾರು ಮಾಡಿ. ಆಮೇಲೆ ಪ್ರತಿ ವಯಸ್ಸಿಗೂ ಎಲ್ಲ ಪೋಸ್ಟ್‌ಗಳ ಅಂಕಿಗಳನ್ನು ಏರಿಕೆಯ ಕ್ರಮದಲ್ಲಿಟ್ಟು ನಡುವೆ ಬರುವ ಬೆಲೆ ತೆಗೆದುಕೊಳ್ಳಿ, ಸರಾಸರಿ ಬೇಡ. ಒಂದೇ ಒಂದು ವೈರಲ್ ಪೋಸ್ಟ್ ಇದ್ದರೂ ಸರಾಸರಿ ಹಾಳಾಗುತ್ತದೆ.

ನಮ್ಮ ಉದಾಹರಣೆಯ ಖಾತೆಯಲ್ಲಿ ಹೀಗೆ ಬಂತು ಎಂದುಕೊಳ್ಳಿ: ಮೊದಲ ದಿನ 58, ಎರಡನೇ ದಿನ 73, ಮೂರಕ್ಕೆ 82, ಐದಕ್ಕೆ 90, ಏಳಕ್ಕೆ 94, ಹತ್ತಕ್ಕೆ 96.5, ಹದಿನಾಲ್ಕಕ್ಕೆ 98, ಇಪ್ಪತ್ತೆಂಟಕ್ಕೆ 100.

ಇಲ್ಲಿ ಕೇಳಬೇಕಾದ ಪ್ರಶ್ನೆ "ಯಾವಾಗ ನಿಂತಿತು" ಎಂಬುದಲ್ಲ, ಅದು ನಿಲ್ಲುವುದೇ ಇಲ್ಲ. ಎರಡು ದಿನ ಹಿಂದುಮುಂದಾದರೆ ಅಂಕಿ ಎಷ್ಟು ಅಲುಗುತ್ತದೆ ಎಂದು ಕೇಳಿ. ಏಳನೇ ದಿನ ತೆಗೆದೆವು, ಆದರೆ 48 ಗಂಟೆ ತಡದಿಂದ ಐದನೇ ದಿನದ ಸ್ಥಿತಿ ಕಂಡಿತು ಎಂದುಕೊಂಡರೆ 94 ಇರಬೇಕಾದಲ್ಲಿ 90 ಸಿಕ್ಕಿತು, ಅಂದರೆ ಶೇ 4ಕ್ಕಿಂತ ತುಸು ಹೆಚ್ಚು ಕೊರತೆ. ಹತ್ತನೇ ದಿನ ಅದೇ ತಡವಾದರೆ ಕಾಣುವುದು ಎಂಟನೇ ದಿನದ ಸುಮಾರು 94.8, ಕೊರತೆ ಶೇ 2ರೊಳಗೆ. ಎರಡನೇ ದಿನ ತೆಗೆದರೆ? ಕಾಣುವುದು ಸೊನ್ನೆಯಿಂದ 73ರವರೆಗೆ ಏನು ಬೇಕಾದರೂ ಇರಬಹುದು. ರೇಖೆ ಕಡಿದಾಗಿರುವ ಕಡೆ ಸಮಯದ ಸಣ್ಣ ತಪ್ಪು ಅಂಕಿಯಲ್ಲಿ ದೊಡ್ಡದಾಗುತ್ತದೆ, ರೇಖೆ ಮಟ್ಟಸವಾದ ಕಡೆ ಅದೇ ತಪ್ಪು ಕಾಣಿಸುವುದಿಲ್ಲ. ಕಾಯುವುದರ ಲಾಭ ಇದೇ.

ಈ ಖಾತೆಗೆ ತಿಂಗಳ ರಿಪೋರ್ಟ್‌ನಲ್ಲಿ 10 ದಿನ ಸರಿ. ವಾರದ ಟಿಪ್ಪಣಿಗೆ 7 ದಿನ ಸಾಕು, ಆದರೆ ಶೇ 5ರೊಳಗಿನ ಅಂತರಗಳ ಬಗ್ಗೆ ಅಲ್ಲಿ ಬಾಯಿಬಿಡಬಾರದು. 14 ದಿನ ಕಾದರೆ ಇನ್ನೂ ನಿಖರ. ಆದರೆ ಒಂದೂವರೆ ಅಂಶದ ಲಾಭಕ್ಕೆ ನಾಲ್ಕು ದಿನ ಕಾಯುವುದು ದುಬಾರಿ ಎನ್ನುವುದು ನನ್ನ ಎಣಿಕೆ.

ಹತ್ತು ದಿನ ಎಂದು ಗೊತ್ತುಮಾಡಿದರೆ 29ರ ರಾತ್ರಿ 8ರ ಪೋಸ್ಟ್ ಅಕ್ಟೋಬರ್ 9ರ ರಾತ್ರಿ 8ಕ್ಕೆ ಹಣ್ಣಾಗುತ್ತದೆ, ಸೆಪ್ಟೆಂಬರ್ ರಿಪೋರ್ಟ್ ಅಕ್ಟೋಬರ್ 10ಕ್ಕೆ ಹೊರಡಬಹುದು. ಒಂದನೇ ತಾರೀಖಿಗೇ ಬೇಕು ಎಂದು ಹಟ ಹಿಡಿಯುವವರು ಇದ್ದೇ ಇರುತ್ತಾರೆ. ಅವರಿಗೆ ಅರೆಬೆಂದ ಅಂಕಿ ಕೊಡುವುದಕ್ಕಿಂತ ಪೋಸ್ಟ್‌ಗಳ ಗುಂಪನ್ನೇ ಸರಿಸುವುದು ಮೇಲು. ಆಗಸ್ಟ್ 22ರಿಂದ ಸೆಪ್ಟೆಂಬರ್ 20ರವರೆಗೆ ಹಾಕಿದ ಪೋಸ್ಟ್‌ಗಳೆಲ್ಲ ಸೆಪ್ಟೆಂಬರ್‌ನಲ್ಲೇ 10 ದಿನ ತುಂಬಿಸಿರುತ್ತವೆ. "ಸೆಪ್ಟೆಂಬರ್‌ನಲ್ಲಿ ಹತ್ತು ದಿನ ಪೂರೈಸಿದ ಪೋಸ್ಟ್‌ಗಳು" ಎಂದು ಶೀರ್ಷಿಕೆ ಕೊಟ್ಟರೆ ಒಂದನೇ ತಾರೀಖಿಗೆ ಪೂರ್ಣ ರಿಪೋರ್ಟ್ ಸಿದ್ಧ. ಯಾವ ಪೋಸ್ಟೂ ಎರಡು ತಿಂಗಳಲ್ಲಿ ಬರುವುದಿಲ್ಲ, ಯಾವುದೂ ಬಿಟ್ಟುಹೋಗುವುದಿಲ್ಲ.

ಕಾಯಬಾರದ್ದು, ಹೆಚ್ಚು ಕಾಯಬೇಕಾದದ್ದು

ಇನ್‌ಸ್ಟಾಗ್ರಾಂ ಸ್ಟೋರಿಗೆ ಮೇಲಿನದ್ದೆಲ್ಲ ತಿರುಗುಮುರುಗು. ಸ್ಟೋರಿಯ ಅಂಕಿಗಳು ಎಪಿಐನಲ್ಲಿ 24 ಗಂಟೆ ಮಾತ್ರ ಸಿಗುತ್ತವೆ, ಹೈಲೈಟ್‌ಗೆ ಸೇರಿಸಿದ್ದರೂ ಅಷ್ಟೇ. ಸಂಜೆ 6:40ಕ್ಕೆ ಹಾಕಿದ ಸ್ಟೋರಿಯನ್ನು ಮರುದಿನ 5:40ರ ಹೊತ್ತಿಗೆ, ಅಂದರೆ 23 ಗಂಟೆ ತುಂಬಿದಾಗ ಓದಬೇಕು. ಅಂಕಿ ತೆಗೆಯಲು ದಿನಕ್ಕೊಮ್ಮೆ ಬೆಳಿಗ್ಗೆ 9ಕ್ಕೆ ಮಾತ್ರ ತಾನಾಗಿ ಓಡುವ ಸ್ಕ್ರಿಪ್ಟ್, ಅಂದರೆ ಜಾಬ್, ಈ ಸ್ಟೋರಿಯನ್ನು 14 ಗಂಟೆ ವಯಸ್ಸಿನಲ್ಲಿ ಹಿಡಿಯುತ್ತದೆ, ಬೆಳಿಗ್ಗೆ 10ಕ್ಕೆ ಹಾಕಿದ ಸ್ಟೋರಿಯನ್ನು 23 ಗಂಟೆಯಲ್ಲಿ. ಮತ್ತೆ ಅದೇ ವಯಸ್ಸಿನ ಗೊಂದಲ. ಗಂಟೆಗೊಮ್ಮೆ ಓದಿ ಕೊನೆಯದನ್ನು ಇಟ್ಟುಕೊಳ್ಳುವುದು ಒಂದು ದಾರಿ. ಡೆವಲಪರ್ ಜೊತೆಗಿದ್ದರೆ `story_insights` ಎಂಬ ವೆಬ್‌ಹುಕ್‌ಗೆ ಸೇರಿಕೊಳ್ಳುವುದು ಇನ್ನೂ ಚೆಂದ, ಸ್ಟೋರಿ ಮುಗಿದಾಗ ಅದು ತಾನಾಗಿ ಅಂಕಿ ಕಳಿಸುತ್ತದೆ. ನೋಡಿದವರು 5ಕ್ಕಿಂತ ಕಡಿಮೆಯಿದ್ದರೆ ಎಪಿಐ ಅಂಕಿಯ ಬದಲು ದೋಷದ ಸಂದೇಶ ಕೊಡುತ್ತದೆ. ಅದನ್ನು ಸೊನ್ನೆ ಎಂದು ಬರೆದುಕೊಳ್ಳಬೇಡಿ.

ಯೂಟ್ಯೂಬ್ ವಿಡಿಯೊ ಇನ್ನೊಂದು ತುದಿ. ಹುಡುಕಾಟದಿಂದ ಜನ ಬರುವ ವಿಡಿಯೊ ಆರು ತಿಂಗಳಾದರೂ ಬೆಳೆಯುತ್ತದೆ. ಅಲ್ಲಿ ಮಟ್ಟಸವಾಗುವುದನ್ನು ಕಾಯುವುದರಲ್ಲಿ ಅರ್ಥವಿಲ್ಲ, 28 ದಿನ ಎಂದು ನಿಯಮ ಮಾಡಿಕೊಂಡು ಹೊರಡುವುದೇ ಸರಿ. ದಿನವಾರು ಅಂಕಿ ಸಿಗುವುದರಿಂದ ಮೂರು ದಿನ ತಡಮಾಡಿ, 31ನೇ ದಿನ, ಮೊದಲ 28 ದಿನಗಳ ಮೊತ್ತವನ್ನು ಕೇಳಿದರೆ ಬೆಳವಣಿಗೆ ಬೆರೆಯದ, ತಿದ್ದುಪಡಿ ಮುಗಿದ ಅಂಕಿ ಸಿಗುತ್ತದೆ.

ಹಣ ಕೊಟ್ಟು ಬೂಸ್ಟ್ ಮಾಡಿದ ಪೋಸ್ಟ್‌ಗಳಲ್ಲಿ ಹಳೆಯ ತಾರೀಖಿನ ಅಂಕಿ ಏರಲು ಇನ್ನೊಂದು ಕಾರಣ ಸೇರಿಕೊಳ್ಳುತ್ತದೆ. ಮೂರನೇ ತಾರೀಖು ಜಾಹೀರಾತು ಒತ್ತಿದವರು ಒಂಬತ್ತಕ್ಕೆ ಖರೀದಿಸಿದರೆ, ಕೆಲವು ವರದಿಗಳಲ್ಲಿ ಆ ಖರೀದಿ ಮೂರನೇ ತಾರೀಖಿನ ಖಾತೆಗೆ ಜಮೆಯಾಗುತ್ತದೆ. ಹಾಗಾಗಿ ನಾಲ್ಕರಂದು ತೆಗೆದ ಮೂರನೇ ತಾರೀಖಿನ ಲೆಕ್ಕ ಅಲ್ಲಿ ಬಡವಾಗಿ ಕಾಣುತ್ತದೆ. ಮೆಟಾದಲ್ಲಿ ರೂಢಿಯ ಕಾಲಾವಧಿ ಕ್ಲಿಕ್‌ಗೆ 7 ದಿನ, ಬರೀ ನೋಟಕ್ಕೆ 1 ದಿನ. ಅಭಿಯಾನದ ಕೊನೆಯ ದಿನಕ್ಕೆ ಈ 7 ದಿನ, ಸಂಸ್ಕರಣೆಗೆ 2 ದಿನ ಕೂಡಿಸಿ ತೆಗೆದರೆ ಹೆಚ್ಚಿನದೆಲ್ಲ ಬಂದಿರುತ್ತದೆ. ಜಾಹೀರಾತು ಅಂಕಿಗಳು 28 ದಿನಗಳ ಬಳಿಕ ಬದಲಾಗುವುದಿಲ್ಲ ಎಂದು ಮೆಟಾ ಹೇಳುವುದರಿಂದ, ಬಿಲ್ ಹೊಂದಿಸುವಂಥ ಕೆಲಸಕ್ಕೆ ಅಷ್ಟು ಕಾಯುವುದು ಕ್ಷೇಮ. ಗೂಗಲ್ ಆ್ಯಡ್ಸ್‌ನಲ್ಲಿ ಖರೀದಿಯಂಥ ಕನ್ವರ್ಷನ್ ಕ್ಲಿಕ್ ಆದ ದಿನಕ್ಕೇ ಸೇರುತ್ತದೆ, ಅಲ್ಲಿ ರೂಢಿಯ ಕಾಲಾವಧಿ 30 ದಿನ.

ತೆಗೆದದ್ದನ್ನು ಹೇಗೆ ಬರೆದಿಡುವುದು

ಸ್ಪ್ರೆಡ್‌ಶೀಟ್ ಸಾಕು. ಪ್ರತಿ ಓದಿಗೂ ಒಂದು ಹೊಸ ಸಾಲು ಇರಲಿ, ಹಳೆಯ ಸಾಲಿನ ಮೇಲೆ ಬರೆಯಬೇಡಿ. ಕಾಲಂಗಳು ಇಷ್ಟು:

```
post_id | metric | value | published_at | pulled_at | age_hours
```

ಎರಡೂ ಸಮಯಗಳನ್ನು ಯುಟಿಸಿಯಲ್ಲೇ ಬರೆಯಿರಿ. `published_at` D ಕಾಲಂನಲ್ಲೂ `pulled_at` E ಕಾಲಂನಲ್ಲೂ ಇದ್ದರೆ ವಯಸ್ಸಿನ ಸೂತ್ರ:

```
=(E2-D2)*24
```

ಹತ್ತು ದಿನ ಎಂದರೆ 240 ಗಂಟೆ. ರಿಪೋರ್ಟ್‌ಗೆ ಸಾಲು ಆರಿಸುವಾಗ 240ರಿಂದ 246ರ ನಡುವಿನದನ್ನು ಮಾತ್ರ ತೆಗೆದುಕೊಳ್ಳಿ. ಜಾಬ್ ಆರು ಗಂಟೆಗೊಮ್ಮೆ ಓಡಿದರೆ ಪ್ರತಿ ಪೋಸ್ಟ್‌ಗೂ ಅಂಥ ಒಂದು ಸಾಲು ಸಿಕ್ಕೇ ಸಿಗುತ್ತದೆ. ಕೈಯಿಂದ ತೆಗೆಯುವವರು ಪೋಸ್ಟ್ ಹಾಕಿದ ದಿನವೇ ಹತ್ತನೇ ದಿನಕ್ಕೆ ಕ್ಯಾಲೆಂಡರ್‌ನಲ್ಲಿ ನೆನಪಿನ ಗುರುತು ಹಾಕಿಕೊಳ್ಳಬೇಕು. ಅರ್ಧ ದಿನ ಆಚೀಚೆಯಾದರೂ ಪರವಾಗಿಲ್ಲ, ಆ ವಯಸ್ಸಿನಲ್ಲಿ ರೇಖೆ ಮಟ್ಟಸವಾಗಿದೆ.

ಹೆಚ್ಚಾಗಿ ಕೆಡುವುದು ಜಾಬ್ ಸೋತಾಗ. ಟೋಕನ್ ಅವಧಿ ಮುಗಿದಿರುತ್ತದೆ ಅಥವಾ ಮಿತಿಗಿಂತ ಹೆಚ್ಚು ಸಲ ಕೇಳಿರುತ್ತೇವೆ, ಎಪಿಐ ದೋಷ ಕೊಡುತ್ತದೆ, ಬೇಜವಾಬ್ದಾರಿ ಸ್ಕ್ರಿಪ್ಟ್ ಅಲ್ಲಿ 0 ಬರೆದು ಮುಂದೆ ಹೋಗುತ್ತದೆ. ಮರುದಿನ 8,000 ಬಂದಾಗ ಚಾರ್ಟಿನಲ್ಲಿ ಒಂದೇ ದಿನಕ್ಕೆ ಎಂಟು ಸಾವಿರದ ಜಿಗಿತ ಕಾಣುತ್ತದೆ. ಸೋತ ಓದಿಗೆ ಖಾಲಿ ಬಿಡಿ, ಪಕ್ಕದಲ್ಲಿ ದೋಷದ ಸಂದೇಶ ಬರೆಯಿರಿ. ಒಟ್ಟು ಮೊತ್ತದ ವ್ಯೂ ಹಿಂದಿನ ಸಾಲಿಗಿಂತ ಕಡಿಮೆ ಬಂದರೆ ಗುರುತು ಹಾಕುವ ಒಂದು ಸೂತ್ರವನ್ನೂ ಸೇರಿಸಿ. ಸೊನ್ನೆಯಾಗಿದ್ದರೆ ಅದು ಜಾಬ್‌ನ ತಪ್ಪು, ಸೊನ್ನೆಯಲ್ಲದಿದ್ದರೆ ಸೋಸುವಿಕೆ.

ರಿಪೋರ್ಟ್‌ನಲ್ಲಿ ಪ್ರತಿ ಕೋಷ್ಟಕದ ಕೆಳಗೆ ಒಂದು ಸಾಲು: "ಪ್ರತಿ ಪೋಸ್ಟ್‌ಗೂ 10 ದಿನ ತುಂಬಿದಾಗ ತೆಗೆದ ಅಂಕಿ. ಆ್ಯಪ್‌ನಲ್ಲಿ ಈಗ ಇದಕ್ಕಿಂತ ಹೆಚ್ಚು ಕಾಣಬಹುದು." ಕಳಿಸಿದ ರಿಪೋರ್ಟ್‌ಗೆ ಮತ್ತೆ ಹೊಸ ಅಂಕಿ ತುಂಬಬೇಡಿ. ನೇರವಾಗಿ ಎಪಿಐಗೆ ಕಟ್ಟಿದ ಡ್ಯಾಶ್‌ಬೋರ್ಡ್‌ಗಳು ಇದನ್ನೇ ಮಾಡುವುದರಿಂದ ಕಳೆದ ತಿಂಗಳ ಚಾರ್ಟ್ ಪ್ರತಿ ಸಲ ತೆರೆದಾಗಲೂ ಬೇರೆ ಕಾಣುತ್ತದೆ. ಡ್ಯಾಶ್‌ಬೋರ್ಡನ್ನು ಮೇಲಿನ ಸ್ಪ್ರೆಡ್‌ಶೀಟ್‌ಗೆ ಕಟ್ಟಿದರೆ ಆ ತೊಂದರೆ ಇಲ್ಲ.

ವಯಸ್ಸು ಸರಿಯಿದ್ದರೂ ಹೋಲಿಕೆ ಮುರಿಯುವುದು ವ್ಯಾಖ್ಯೆ ಬದಲಾದಾಗ. 2025ರ ಮಾರ್ಚ್ 31ರಿಂದ ಯೂಟ್ಯೂಬ್ ಶಾರ್ಟ್ಸ್‌ನಲ್ಲಿ ವಿಡಿಯೊ ಶುರುವಾದ, ಮರುಶುರುವಾದ ಪ್ರತಿ ಸಲವೂ ಒಂದು ವ್ಯೂ ಎಂದು ಎಣಿಸುತ್ತಾರೆ, ಹಳೆಯ ರೀತಿಯ ಎಣಿಕೆ ಎಂಗೇಜ್ಡ್ ವ್ಯೂಸ್ ಎಂಬ ಹೆಸರಿನಲ್ಲಿ ಬೇರೆ ಸಿಗುತ್ತದೆ. ಆ ತಾರೀಖಿನ ಎರಡೂ ಕಡೆಯ ಶಾರ್ಟ್ಸ್‌ಗಳನ್ನು ಹೋಲಿಸುವಾಗ ಈಚಿನವಕ್ಕೆ ಎಂಗೇಜ್ಡ್ ವ್ಯೂಸ್ ಅಂಕಿಯನ್ನೇ ತೆಗೆದುಕೊಳ್ಳಬೇಕು. ಇಂಥ ಬದಲಾವಣೆ ಗೊತ್ತಾದ ದಿನವೇ `metric` ಕಾಲಂನಲ್ಲಿ ಹೊಸ ಹೆಸರು ಕೊಟ್ಟು ಮುಂದುವರಿಸಿ, ಹಳೆಯ ಸಾಲುಗಳನ್ನು ಇದ್ದ ಹಾಗೇ ಬಿಡಿ.